ಬಿಟ್ಟ ಜಾಗವೇ ವ್ಯಾಕರಣವಲ್ಲ: ಗದಗ ಸೀಮೆಯ ಕನ್ನಡವನ್ನು ಮುಂದಿಟ್ಟು ಟ್ರೀಬ್ಯಾಂಕ್ ಮಾರ್ಗಸೂಚಿಗಳ ವಿಮರ್ಶೆ

ಸಾರಾಂಶ

ಕನ್ನಡ ವಾಕ್ಯಗಳಿಗೆ ಅವಲಂಬನಾ ರಚನೆಯ ಗುರುತು ಹಾಕುವವರ ಮುಂದೆ ಇಂದು ಮುಖ್ಯವಾಗಿ ಎರಡು ಮಾರ್ಗಸೂಚಿಗಳಿವೆ. ಒಂದು, ಪಾಣಿನೀಯ ಕಾರಕ ಕಲ್ಪನೆಯನ್ನು ಆಧರಿಸಿದ ಅನ್‌ಕೊರಾ. ಇನ್ನೊಂದು, ಯೂನಿವರ್ಸಲ್ ಡಿಪೆಂಡೆನ್ಸೀಸ್. ಪರಸರ್ಗ ಮತ್ತು ಲಘು ಕ್ರಿಯಾಪದ ರಚನೆಗಳ ವಿಷಯದಲ್ಲಿ ಇವೆರಡನ್ನೂ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಆಡುಮಾತಿಗೆ ಅನ್ವಯಿಸಿ ನೋಡಿದಾಗ ಎರಡು ದೋಷಗಳು ಕಾಣುತ್ತವೆ. ಮೊದಲನೆಯದು, ಬರಹದಲ್ಲಿ ಬಿಟ್ಟ ಜಾಗವನ್ನು ವ್ಯಾಕರಣದ ಗಡಿಯೆಂದು ನಂಬುವುದು. ಎರಡನೆಯದು, ‘ಈ ನಾಮ ಮತ್ತು ಕ್ರಿಯೆ ಒಂದೇ ಅರ್ಥಘಟಕವೇ?’ ಮತ್ತು ‘ಈ ನಾಮ ವಾಕ್ಯದಲ್ಲಿ ಯಾವ ಸ್ಥಾನದಲ್ಲಿದೆ?’ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಗುರುತಿನಿಂದ ಉತ್ತರಿಸುವುದು. ಇವುಗಳಿಗೆ ಬದಲಾಗಿ ಅನ್ವಯಿಸಬಹುದಾದ ಪರೀಕ್ಷೆಗಳನ್ನು ಇಲ್ಲಿ ಮಂಡಿಸಿದ್ದೇವೆ.

1. ಪ್ರಶ್ನೆ ಎಲ್ಲಿ ಹುಟ್ಟುತ್ತದೆ

‘ಕವಿರಾಜಮಾರ್ಗ’ವು ಕನ್ನಡದ ತಿರುಳು ನೆಲೆಸಿದೆಯೆಂದು ಹೆಸರಿಸಿದ ಸ್ಥಳಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ಲಕ್ಷ್ಮೇಶ್ವರ. ಒಂಬತ್ತನೆಯ ಶತಮಾನದಲ್ಲಿ ಮಾದರಿಯೆನಿಸಿದ್ದ ನೆಲದ ಮಾತು ಇಂದು ಭಾಷಾ ತಂತ್ರಜ್ಞಾನದ ಕಡತಗಳಲ್ಲಿ ಶಿಷ್ಟದಿಂದ ಸರಿದ ರೂಪವಾಗಿ ಬರುತ್ತದೆ. ನಮಗೆ ಮುಖ್ಯವಾದದ್ದು ಈ ವ್ಯಂಗ್ಯವಲ್ಲ, ಅದರ ಒಂದು ತಾಂತ್ರಿಕ ಪರಿಣಾಮ. ಶಿಷ್ಟ ಬರಹದಲ್ಲಿ ಪದಗಳ ನಡುವೆ ಎಲ್ಲಿ ಜಾಗ ಬಿಡಬೇಕೆಂಬ ವಿಷಯದಲ್ಲಿ ಒಂದು ರೂಢಿಯಾದರೂ ಇದೆ. ಆಡುಮಾತನ್ನು ಲಿಪಿಗಿಳಿಸುವವರಿಗೆ ಅಂಥ ರೂಢಿಯಿಲ್ಲ. ‘ಮನಿ ಮ್ಯಾಲ’ ಎಂದೂ ಬರೆಯಬಹುದು, ‘ಮನಿಮ್ಯಾಲ’ ಎಂದೂ ಬರೆಯಬಹುದು. ಜಾಗವನ್ನು ನೆಚ್ಚಿದ ಮಾರ್ಗಸೂಚಿಯ ಪ್ರಕಾರ ಮೊದಲನೆಯದರಲ್ಲಿ ಒಂದು ಪರಸರ್ಗವಿದೆ, ಎರಡನೆಯದರಲ್ಲಿ ಇಲ್ಲ.

ಇದರಿಂದ ಆಗುವ ಹಾನಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಗುರುತು ಹಾಕುವ ಇಬ್ಬರ ನಡುವಿನ ಒಮ್ಮತವನ್ನು ಸಾಮಾನ್ಯವಾಗಿ ಅಳೆಯುವುದು ಪಠ್ಯವನ್ನು ಪದಗಳಾಗಿ ಒಡೆದ ನಂತರ. ಒಡೆಯುವ ಹಂತದಲ್ಲೇ ತಪ್ಪಾಗಿದ್ದರೆ ಇಬ್ಬರೂ ಅದೇ ತಪ್ಪಿನ ಮೇಲೆ ಒಮ್ಮತದಿಂದ ಕೆಲಸ ಮಾಡುತ್ತಾರೆ. ಅಂಕ ಉತ್ತಮವಾಗಿಯೇ ಬರುತ್ತದೆ. ಮುಂದೆ ಯಾರಾದರೂ ಶಿಷ್ಟ ಕನ್ನಡ ಮತ್ತು ಗದಗ ಸೀಮೆಯ ಕನ್ನಡದ ವಾಕ್ಯರಚನೆಯನ್ನು ಹೋಲಿಸಿ ‘ಇಲ್ಲಿ ಪರಸರ್ಗಗಳ ಬಳಕೆ ಕಡಿಮೆ’ ಎಂದು ಬರೆದರೆ, ಆ ತೀರ್ಮಾನ ಭಾಷೆಯ ಬಗೆಗಿನದಾಗಿರುವುದಿಲ್ಲ, ಲಿಪಿಕಾರನ ಕೈಯ ಬಗೆಗಿನದಾಗಿರುತ್ತದೆ.

ಕೆಳಗಿನ ಉದಾಹರಣೆಗಳು ನಾವೇ ರಚಿಸಿದವು. ಈ ನಾಲ್ಕು ಊರುಗಳ ಮಾತು ಪೂರ್ತಿ ಒಂದೇ ಎಂಬ ವಾದ ನಮ್ಮದಲ್ಲ. ಇಲ್ಲಿ ಚರ್ಚಿಸುವ ರಚನೆಗಳು ಇಡೀ ಸೀಮೆಗೆ ಸಾಮಾನ್ಯವಾದವು ಎಂಬುದಷ್ಟೇ ನಮಗೆ ಸಾಕು.

2. ‘ಮನ್ಯಾಗ’ ಮತ್ತು ‘ಮನಿ ಒಳಗ’

ಶಿಷ್ಟ ಕನ್ನಡದ ‘ಮನೆಯಲ್ಲಿ’ ಎಂಬುದಕ್ಕೆ ಈ ಸೀಮೆಯಲ್ಲಿ ಎರಡು ಸಂವಾದಿ ರೂಪಗಳಿವೆ.

(1) ಅಂವ ಮನ್ಯಾಗ ಅದಾನ.
(2) ಅಂವ ಮನಿ ಒಳಗ ಅದಾನ.

ಇವೆರಡರ ನಡುವೆ ಗೆರೆ ಎಳೆಯುವುದು ಹೇಗೆ? ನಮ್ಮ ವ್ಯಾಕರಣ ಪರಂಪರೆಯೇ ಈ ಗೆರೆಯನ್ನು ಬಿಗಿಯಾಗಿ ಎಳೆದಿಲ್ಲ. ಶಾಲಾ ವ್ಯಾಕರಣಗಳು ಪಂಚಮೀ ವಿಭಕ್ತಿಯ ಪ್ರತ್ಯಯವೆಂದು ಕೊಡುವ ‘ದೆಸೆಯಿಂದ’ ಎಂಬುದು ‘ದೆಸೆ’ ಎಂಬ ನಾಮಕ್ಕೆ ‘ಇಂದ’ ಸೇರಿದ ರೂಪ. ಇಂದಿನ ಪರಿಭಾಷೆಯಲ್ಲಿ ಅದನ್ನು ಪರಸರ್ಗವೆಂದೇ ಕರೆಯಬೇಕಾಗುತ್ತದೆ. ಏಳು ವಿಭಕ್ತಿಗಳ ಪಟ್ಟಿಯನ್ನು ತುಂಬಿಸಬೇಕಾದಾಗ ಪರಸರ್ಗವನ್ನು ಪ್ರತ್ಯಯದ ಸಾಲಿನಲ್ಲಿ ಕೂರಿಸಲಾಯಿತು. ಪಟ್ಟಿಯಿಂದ ಹೊರಟರೆ ಇಂಥ ತೊಡಕು ಅನಿವಾರ್ಯ. ಆದ್ದರಿಂದ ಬಳಕೆಯಿಂದ ಹೊರಡಬೇಕು.

ಬಳಕೆಯನ್ನು ನೋಡಿದರೆ ಎರಡು ವ್ಯತ್ಯಾಸಗಳು ಸ್ಪಷ್ಟವಾಗಿವೆ. ‘ಒಳಗ’ ಎಂಬುದು ಒಂಟಿಯಾಗಿ ನಿಲ್ಲಬಲ್ಲದು: ‘ಒಳಗ ಬಾ’, ‘ಒಳಗ ಇಡು’. ‘-ಆಗ’ ಎಂಬುದಕ್ಕೆ ಸ್ಥಳದ ಅರ್ಥದಲ್ಲಿ ಈ ಸ್ವಾತಂತ್ರ್ಯವಿಲ್ಲ. ಒಂಟಿಯಾದ ‘ಆಗ’ ಕಾಲವನ್ನು ಹೇಳುವ ಬೇರೆಯೇ ಪದ. ಎರಡನೆಯದಾಗಿ, ‘-ಆಗ’ ಅಮೂರ್ತ ನಾಮಗಳಿಗೂ ಗುಂಪನ್ನು ಸೂಚಿಸುವ ಸರ್ವನಾಮಗಳಿಗೂ ಸಲೀಸಾಗಿ ಹತ್ತುತ್ತದೆ: ‘ಸಿಟ್ಟಿನಾಗ ಬೈದ’, ‘ಅವ್ರಾಗ ಒಬ್ಬ’. ಇಲ್ಲಿ ‘ಒಳಗ’ ಎಂದು ಬದಲಿಸಿ ‘ಸಿಟ್ಟಿನ ಒಳಗ ಬೈದ’ ಎಂದರೆ ಕಿವಿಗೆ ಕೂಡುವುದಿಲ್ಲ. ಒಂದರಲ್ಲಿ ‘ಒಳಭಾಗ’ವೆಂಬ ಅರ್ಥ ಇನ್ನೂ ಜೀವಂತವಾಗಿದೆ, ಇನ್ನೊಂದರಲ್ಲಿ ಅದು ಸವೆದು ಕೇವಲ ಅಧಿಕರಣ ಸಂಬಂಧ ಉಳಿದಿದೆ. ‘-ಆಗ’ದ ಮೂಲ ಯಾವುದೇ ಇರಲಿ, ಇಂದಿನ ಮಾತಿನಲ್ಲಿ ಅದು ಸಪ್ತಮಿಯ ಪ್ರತ್ಯಯ. ‘ಒಳಗ’ ಪರಸರ್ಗ.

ಮಾರ್ಗಸೂಚಿಗಳು ಇದನ್ನು ಹೇಗೆ ನಿಭಾಯಿಸುತ್ತವೆ? ಅನ್‌ಕೊರಾದ ಪದವರ್ಗ ನಿಯಮಗಳು ಸ್ಥಳ-ಕಾಲವಾಚಿಗಳಿಗೆ `NST` ಎಂಬ ಒಂದೇ ಗುರುತನ್ನು ಇಟ್ಟಿವೆ. ಅದು ಸ್ವತಂತ್ರವಾಗಿ ಬಂದರೂ ಪರಸರ್ಗವಾಗಿ ಬಂದರೂ ಗುರುತು ಬದಲಾಗುವುದಿಲ್ಲ. ಗುರುತು ಹಾಕುವವರನ್ನು ಗೊಂದಲದಿಂದ ಉಳಿಸುವ ದೃಷ್ಟಿಯಿಂದ ಇದು ವಿವೇಕದ ನಿರ್ಧಾರ. ಪದಗುಚ್ಛದ ಒಳಗಿನ ಸಂಬಂಧಗಳನ್ನು ಬಿಟ್ಟು ಗುಚ್ಛಗಳ ನಡುವಿನ ಸಂಬಂಧವನ್ನಷ್ಟೇ ಗುರುತಿಸುವ ಪದ್ಧತಿಯಿಂದಾಗಿ (1) ಮತ್ತು (2) ಎರಡರಲ್ಲೂ ಕ್ರಿಯೆಯೊಂದಿಗಿನ ಸಂಬಂಧ ಒಂದೇ `k7p` ಆಗಿ ಬರುತ್ತದೆ. ಯು.ಡಿ.ಯಲ್ಲೂ ಸಂಬಂಧದ ಹೆಸರು ಎರಡು ಕಡೆಯೂ ಒಂದೇ. ಮೊದಲನೆಯದರಲ್ಲಿ ವಿಭಕ್ತಿ `Case=Loc` ಎಂಬ ಲಕ್ಷಣವಾಗುತ್ತದೆ, ಎರಡನೆಯದರಲ್ಲಿ `case` ಎಂಬ ಅವಲಂಬಿಯಾಗುತ್ತದೆ. ಇಲ್ಲಿಯವರೆಗೆ ದೊಡ್ಡ ತೊಂದರೆಯಿಲ್ಲ.

ತೊಂದರೆ ಶುರುವಾಗುವುದು ಒಂದು ವಿಭಕ್ತಿಯ ಮೇಲೆ ಇನ್ನೊಂದು ಬಂದಾಗ.

(3) ಮನ್ಯಾಗಿನ ಸಾಮಾನು
(4) ಮನಿ ಒಳಗಿನ ಸಾಮಾನು

(3)ರಲ್ಲಿ ಸಪ್ತಮಿಯ ಮೇಲೆ ಷಷ್ಠಿ ಕುಳಿತಿದೆ. ಯು.ಡಿ.ಯಲ್ಲಿ `Case=Loc,Gen` ಎಂದು ಬರೆದರೆ ‘ಸಪ್ತಮಿ ಅಥವಾ ಷಷ್ಠಿ’ ಎಂಬ ಅರ್ಥ ಬರುತ್ತದೆಯೇ ಹೊರತು ‘ಸಪ್ತಮಿ, ಅದರ ಮೇಲೆ ಷಷ್ಠಿ’ ಎಂಬ ಅರ್ಥ ಬರುವುದಿಲ್ಲ. ‘ಮನ್ಯಾಗಿಂದ’ ಎಂಬುದಕ್ಕೆ ಫಿನ್ನಿಶ್‌ನಂಥ ಭಾಷೆಗಳಿಗಾಗಿ ಇಟ್ಟಿರುವ `Ela` ಎಂಬ ಬೆಲೆಯನ್ನು ಎರವಲು ಪಡೆಯಬಹುದು; ಅದು ‘ಒಳಗಿನಿಂದ ಹೊರಗೆ’ ಎಂಬ ಅರ್ಥದ್ದು. ‘ಮನ್ಯಾಗಿನ’ ಎಂಬುದಕ್ಕೆ ಅಂಥ ಸಿದ್ಧ ಬೆಲೆಯಿಲ್ಲ. (4)ರಲ್ಲಿ ಬೇರೆ ತೊಡಕು: ‘ಸಾಮಾನು’ ಪದಕ್ಕೆ ಕಟ್ಟುವ ಷಷ್ಠಿ ‘ಮನಿ’ಯ ಮೇಲಿಲ್ಲ, ಪರಸರ್ಗದ ಮೇಲಿದೆ. ಇದನ್ನು ಕಂಡು ಕೆಲವರು ‘ಒಳಗಿನ’ ಎಂಬುದನ್ನೇ ಮುಖ್ಯಪದವಾಗಿಸಿ ‘ಮನಿ’ಯನ್ನು ಅದರ ಅಡಿಗೆ ಹಾಕುತ್ತಾರೆ. ಆಗ (2)ರಲ್ಲಿ ಅವಲಂಬಿಯಾಗಿದ್ದ ಪದ (4)ರಲ್ಲಿ ಯಜಮಾನನಾಗುತ್ತದೆ.

ನಮ್ಮ ಸಲಹೆ ಸರಳವಾದದ್ದು. ಪರಸರ್ಗ ತನ್ನ ಹಿಂದಿನ ನಾಮವನ್ನು ಆಳುತ್ತಿರುವವರೆಗೆ, ಅದು ಸ್ವತಃ ವಿಭಕ್ತಿ ಪಡೆದಿದ್ದರೂ, `case` ಆಗಿಯೇ ಉಳಿಯಲಿ. ಆ ವಿಭಕ್ತಿಯನ್ನು ಅದರದೇ ಲಕ್ಷಣಗಳ ಕಂಬದಲ್ಲಿ ಬರೆಯಲಿ. (3)ರಂಥ ರೂಪಗಳಿಗೆ ಯು.ಡಿ. ಈಗಾಗಲೇ ಬೇರೆಡೆ ಬಳಸುವ ಪದರಲಕ್ಷಣದ ಪದ್ಧತಿಯಲ್ಲಿ ಹೊರಗಿನ ವಿಭಕ್ತಿಗೊಂದು ಪದರವನ್ನು ಕನ್ನಡದ ಪುಟದಲ್ಲಿ ಅಧಿಕೃತವಾಗಿ ದಾಖಲಿಸಬೇಕು. ಹೀಗೆ ಮಾಡಿದರೆ (3) ಮತ್ತು (4) ಎರಡರಲ್ಲೂ ‘ಸಾಮಾನು’ ಪದಕ್ಕೆ ‘ಮನಿ’ ನೇರವಾಗಿ `nmod` ಆಗುತ್ತದೆ, ಮರಗಳು ಸಮಾನಾಂತರವಾಗಿ ನಿಲ್ಲುತ್ತವೆ.

ಕ್ರಿಯೆಯಿಂದ ಹುಟ್ಟಿದ ಪರಸರ್ಗಗಳಿಗೂ ಪಟ್ಟಿಯ ಬದಲು ಪರೀಕ್ಷೆ ಬೇಕು. ‘ಅವನ್ನ ಬಿಟ್ಟು ಯಾರೂ ಬರಲಿಲ್ಲ’ ಮತ್ತು ‘ಅವನ್ನ ಬಿಟ್ಟು ಎಲ್ಲಾರೂ ಸಂತಿಗೆ ಹ್ವಾದ್ರು’ ಎಂಬ ವಾಕ್ಯಗಳನ್ನು ನೋಡಿ. ಎರಡರಲ್ಲೂ ದ್ವಿತೀಯಾ ವಿಭಕ್ತಿ ಇರುವುದರಿಂದ ಆಳ್ವಿಕೆಯೊಂದೇ ಇಲ್ಲಿ ದಾರಿ ತೋರಿಸುವುದಿಲ್ಲ. ಬಿಡುವ ಕೆಲಸಕ್ಕೊಬ್ಬ ಕರ್ತೃ ಇದ್ದಾನೆಯೇ ಎಂದು ಕೇಳಬೇಕು. ಎರಡನೆಯ ವಾಕ್ಯದಲ್ಲಿ ಸಂತೆಗೆ ಹೋದವರೇ ಬಿಟ್ಟವರೆಂಬ ಓದು ಸಾಧ್ಯ. ‘ಅಲ್ಲೇ ಬಿಟ್ಟು’ ಎಂದು ಸೇರಿಸಿದರೆ ಆ ಓದು ಖಚಿತವಾಗುತ್ತದೆ. ಮೊದಲನೆಯದರಲ್ಲಿ ಬಿಡುವವರು ಯಾರೂ ಇಲ್ಲ, ‘ಅಲ್ಲೇ’ ಸೇರಿಸಲಿಕ್ಕೂ ಬರುವುದಿಲ್ಲ. ಅಲ್ಲಿ ‘ಬಿಟ್ಟು’ ಪರಸರ್ಗ.

3. ‘ಆಕಿ ಮದಿವಿ ಆದ್ಲು’, ‘ಆಕಿ ಮದಿವಿ ಆತು’

ಲಘು ಕ್ರಿಯಾಪದ ರಚನೆಗೆ ಅನ್‌ಕೊರಾದಲ್ಲಿ `pof` ಎಂಬ ಗುರುತಿದೆ. ನಾಮ ಕ್ರಿಯೆಯ ಭಾಗ ಎಂಬುದು ಅದರ ಅರ್ಥ. ನಾಮವನ್ನೂ ಕ್ರಿಯೆಯನ್ನೂ ಒಂದೇ ಗುಚ್ಛವಾಗಿ ಬೆಸೆಯದೆ ಬೇರೆಯಾಗಿಟ್ಟು ಈ ಸಂಬಂಧದಿಂದ ಜೋಡಿಸಿದ್ದಕ್ಕೆ ಒಳ್ಳೆಯ ಕಾರಣವಿದೆ: ನಾಮಕ್ಕೆ ತನ್ನದೇ ವಿಶೇಷಣ ಬರಬಹುದು. ಯು.ಡಿ.ಯಲ್ಲಿ ಇದಕ್ಕೆ ಹತ್ತಿರದ ಗುರುತು `compound:lvc`. ಆದರೆ ಇದನ್ನು ಯಾವಾಗ ಹಾಕಬೇಕು ಎಂಬುದನ್ನು ನಿರ್ಧರಿಸಲು ಹಿಂದಿಯಿಂದ ಬಂದ ಅಭ್ಯಾಸಗಳು ಕನ್ನಡದಲ್ಲಿ ಕೈಕೊಡುತ್ತವೆ.

ನಾಮಕ್ಕೆ ದ್ವಿತೀಯಾ ಪ್ರತ್ಯಯ ಇಲ್ಲದಿದ್ದರೆ ಅದು ಕ್ರಿಯೆಯ ಭಾಗ ಎಂದು ಹೇಳುವಂತಿಲ್ಲ; ಕನ್ನಡದಲ್ಲಿ ಅಪ್ರಾಣಿವಾಚಕ ಕರ್ಮ ಪ್ರತ್ಯಯವಿಲ್ಲದೆ ಬರುವುದೇ ಸಾಮಾನ್ಯ. ‘ರೊಟ್ಟಿ ತಿಂದ’ ಎಂಬಲ್ಲಿ ರೊಟ್ಟಿ ಕರ್ಮವೇ. ಕ್ರಿಯಾಪದದ ಲಿಂಗ-ವಚನ ಹೊಂದಾಣಿಕೆಯೂ ಹಲವೆಡೆ ಮೌನವಾಗಿರುತ್ತದೆ, ಏಕೆಂದರೆ ಭಾವನಾಮಗಳೆಲ್ಲ ಸಾಮಾನ್ಯವಾಗಿ ನಪುಂಸಕ ಏಕವಚನ. ಕರ್ತೃವಿಲ್ಲದ ಕ್ರಿಯೆಗೆ ಬರುವ ರೂಪವೂ ಅದೇ.

ಹೊಂದಾಣಿಕೆ ಮಾತಾಡುವ ಜಾಗವೂ ಇದೆ. ಈ ಸೀಮೆಯಲ್ಲಿ ಇಕಾರಾಂತ ನಾಮಗಳ ಷಷ್ಠಿಗೆ ಪ್ರತ್ಯಯ ಕಾಣುವುದಿಲ್ಲ: ‘ಆಕೆಯ ಮನೆ’ ಎಂಬುದು ‘ಆಕಿ ಮನಿ’. ಆದ್ದರಿಂದ ‘ಆಕೆ ಮದುವೆಯಾದಳು’ ಮತ್ತು ‘ಆಕೆಯ ಮದುವೆಯಾಯಿತು’ ಎಂಬ ಎರಡು ವಾಕ್ಯಗಳು ಇಲ್ಲಿ ಕೊನೆಯ ಪದದಲ್ಲಿ ಮಾತ್ರ ಬೇರೆಯಾಗುತ್ತವೆ.

```
ಆಕಿ ಮದಿವಿ ಆದ್ಲು
nsubj(ಆದ್ಲು, ಆಕಿ)
compound:lvc(ಆದ್ಲು, ಮದಿವಿ)

ಆಕಿ ಮದಿವಿ ಆತು
nmod:poss(ಮದಿವಿ, ಆಕಿ)
nsubj(ಆತು, ಮದಿವಿ)
```

ಪದಕೋಶದಲ್ಲಿ ‘ಮದುವೆ ಆಗು’ ಎಂಬ ನಮೂದಿದೆಯೆಂದು ಎರಡಕ್ಕೂ `pof` ಹಾಕಿದರೆ ಎರಡನೆಯ ವಾಕ್ಯದಲ್ಲಿ ‘ಆಕಿ’ಗೆ ನಿಲ್ಲಲು ಜಾಗವಿರುವುದಿಲ್ಲ, ಅದನ್ನು ಕರ್ತೃವೆಂದು ಬರೆಯಬೇಕಾಗುತ್ತದೆ, ಆದರೆ ಕ್ರಿಯೆ ಅದಕ್ಕೆ ಹೊಂದುವುದಿಲ್ಲ. ಎರಡಕ್ಕೂ ಹಾಕದಿದ್ದರೆ ಮೊದಲನೆಯ ವಾಕ್ಯವನ್ನು ಬೆಳೆಸಿದಾಗ ಸಿಕ್ಕಿಬೀಳುತ್ತೇವೆ:

(5) ಆಕಿ ಅವನ್ನ ಮದಿವಿ ಆದ್ಲು.

‘ಆಗು’ ಅಕರ್ಮಕ. ಅದೊಂದೇ ‘ಅವನ್ನ’ ಎಂಬ ದ್ವಿತೀಯೆಯನ್ನು ಕೊಡಲಾರದು. ಈ ಕರ್ಮವನ್ನು ತಂದದ್ದು ‘ಮದಿವಿ ಆಗು’ ಎಂಬ ಜೋಡಿ. ಕನ್ನಡದಲ್ಲಿ ಲಘು ಕ್ರಿಯಾಪದ ರಚನೆಯನ್ನು ಗುರುತಿಸಲು ನಮಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಪರೀಕ್ಷೆ ಇದೇ: ನಾಮದ ಹೊರತಾಗಿ, ಕ್ರಿಯೆಯೊಂದೇ ತರಲಾರದ ಇನ್ನೊಂದು ಕಾರಕ ವಾಕ್ಯದಲ್ಲಿ ಬರಬಲ್ಲುದೇ? ‘ಲೆಕ್ಕಾನ ಸುರು ಮಾಡಿದ’ ಎಂಬಲ್ಲಿ ‘ಲೆಕ್ಕ’ ಎಂಬ ಕರ್ಮ ಇರುವಾಗ ‘ಸುರು’ವಿಗೆ ಕರ್ಮಸ್ಥಾನ ಉಳಿದಿಲ್ಲ, ಆದ್ದರಿಂದ ಅದು `compound:lvc`. ‘ಅಡಿಗಿ ಮಾಡಿದ್ಲು’ ಎಂಬಲ್ಲಿ ಇನ್ನೊಂದು ಕರ್ಮಕ್ಕೆ ಎಡೆಯಿಲ್ಲ. ‘ಅಡಿಗಿ’ ಸಾಮಾನ್ಯ `obj`.

ಬರಹದ ಜಾಗದ ಪ್ರಶ್ನೆ ಇಲ್ಲೂ ತಲೆ ಎತ್ತುತ್ತದೆ. ಶಿಷ್ಟ ಬರಹದ ‘ಮದುವೆಯಾದಳು’ ಸಂಧಿಯಿಂದಾಗಿ ಒಂದೇ ಪದವಾಗಿ ಅಚ್ಚಾಗುತ್ತದೆ. ಅದನ್ನು ಹಾಗೆಯೇ ಒಂದು ಕ್ರಿಯಾಪದವೆಂದು ಬಿಟ್ಟರೆ ಲಘು ಕ್ರಿಯಾ ರಚನೆ ಶಿಷ್ಟ ಪಠ್ಯದಿಂದ ಮಾಯವಾಗಿ ಆಡುಮಾತಿನಲ್ಲಿ ಮಾತ್ರ ಕಾಣುತ್ತದೆ. ಒಡೆಯಲೇಬೇಕೆಂಬುದಕ್ಕೆ ಭಾಷೆಯೇ ಸಾಕ್ಷಿ ಕೊಡುತ್ತದೆ: ‘ಎರಡನೆಯ ಮದುವೆಯಾದಳು’ ಎಂಬಲ್ಲಿ ‘ಎರಡನೆಯ’ ಎಂಬ ವಿಶೇಷಣ ಅಚ್ಚಿನ ಪದದ ಅರ್ಧಕ್ಕೆ ಮಾತ್ರ ಅಂಟಿಕೊಂಡಿದೆ. ಒಡೆಯದೆ ಆ ವಿಶೇಷಣವನ್ನು ಕಟ್ಟಲು ಸರಿಯಾದ ಗೂಟವೇ ಸಿಗುವುದಿಲ್ಲ.

4. ‘ಹತ್ತು’ ಎಂಬ ಒಂದು ಕ್ರಿಯೆ

ಮಾರ್ಗಸೂಚಿ ಪದವನ್ನು ನೋಡಬೇಕೋ ರಚನೆಯನ್ನು ನೋಡಬೇಕೋ ಎಂಬ ಪ್ರಶ್ನೆಗೆ ಈ ಸೀಮೆಯ ‘ಹತ್ತು’ ಕ್ರಿಯೆ ಒಂದು ಪೂರ್ಣ ಪ್ರಯೋಗ.

(6) ಅಂವ ಮುಂಡರಗಿ ಬಸ್ ಹತ್ತಿದ.
(7) ಕೂಸಿಗೆ ನಿದ್ದಿ ಹತ್ತಿತು.
(8) ಕೂಸು ಅಳಾಕ ಹತ್ತಿತು.
(9) ಕೂಸು ಅಳಾಕತ್ತೈತಿ.

(6)ರಲ್ಲಿ ಅದು ಪೂರ್ಣಾರ್ಥದ ಕ್ರಿಯೆ, ‘ಬಸ್’ ಅದರ ಕರ್ಮ. (7)ರಲ್ಲಿ ‘ನಿದ್ದಿ ಹತ್ತು’ ರೂಢಿಯ ನುಡಿ. ನಿದ್ರೆ ಏನನ್ನೂ ಏರುವುದಿಲ್ಲ. ಆದ್ದರಿಂದ ಇದಕ್ಕೆ `pof` ಹಾಕುವ ಆಸೆಯಾಗುತ್ತದೆ. ನಾವು ಅದನ್ನು ಒಪ್ಪುವುದಿಲ್ಲ. ಹಿಂದಿನ ಭಾಗದ ಪರೀಕ್ಷೆಯನ್ನೇ ಇಲ್ಲಿ ನಡೆಸೋಣ. ಈ ವಾಕ್ಯಕ್ಕೆ ದ್ವಿತೀಯೆಯ ಕರ್ಮವೊಂದು ಬರಲಾರದು. ‘ನಿದ್ದಿ’ ಪ್ರಥಮೆಯಲ್ಲಿದೆ, ‘ಚಲೋ ನಿದ್ದಿ’ ಎಂದು ವಿಶೇಷಣ ಪಡೆಯುತ್ತದೆ, ಮತ್ತು ಆ ಸ್ಥಾನಕ್ಕೆ ಬಹುವಚನದ ನಾಮ ಬಂದರೆ ಕ್ರಿಯೆಯೂ ಬಹುವಚನವಾಗುತ್ತದೆ: ‘ದೀಪಗೋಳು ಹತ್ತಿದವು’. ಆದ್ದರಿಂದ ‘ನಿದ್ದಿ’ `nsubj`. ಚತುರ್ಥಿಯ ‘ಕೂಸಿಗೆ’ ಅನುಭವಿಸುವವರನ್ನು ಹೇಳುವ ಪದ. ಅನ್‌ಕೊರಾ ಇದಕ್ಕೆ `k4a` ಎಂಬ ಸೊಗಸಾದ ಗುರುತನ್ನು ಇಟ್ಟಿದೆ.

ಹಾಗಾದರೆ ‘ನಿದ್ದಿ ಹತ್ತು’ ಒಂದೇ ಅರ್ಥಘಟಕವೆಂಬ ತಿಳಿವಳಿಕೆ ಎಲ್ಲಿ ಹೋಗಬೇಕು? ಅದಕ್ಕೆ ಬೇರೆ ಪದರವೇ ಇದೆ. ಬಹುಪದ ಕ್ರಿಯಾಘಟಕಗಳಿಗಾಗಿ ಇರುವ ಪಾರ್ಸೀಮ್ ಮಾರ್ಗಸೂಚಿ ವಾಕ್ಯವೃಕ್ಷವನ್ನು ಮುಟ್ಟದೆ ಇಂಥ ಜೋಡಿಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ಲಘು ಕ್ರಿಯಾ ರಚನೆ, ನುಡಿಗಟ್ಟು ಎಂದು ಅಲ್ಲಿ ಬೇರೆ ಬೇರೆ ವರ್ಗಗಳೂ ಇವೆ. `pof` ಎಂಬ ಗುರುತಿನ ಮೂಲ ದೌರ್ಬಲ್ಯ ಇಲ್ಲಿ ಬಯಲಾಗುತ್ತದೆ. ಅರ್ಥದ ಒಗ್ಗಟ್ಟು ಮತ್ತು ವಾಕ್ಯದ ಸ್ಥಾನ ಎರಡನ್ನೂ ಅದು ಒಂದೇ ಹೆಗಲ ಮೇಲೆ ಹೊರುತ್ತದೆ. ಒಗ್ಗಟ್ಟು ಹೆಚ್ಚು-ಕಡಿಮೆಯ ವಿಷಯ, ಸ್ಥಾನ ಹೌದು-ಅಲ್ಲದ ವಿಷಯ. ಒಂದನ್ನು ಅಳೆಯುವ ಕೋಲಿನಿಂದ ಇನ್ನೊಂದನ್ನು ಅಳೆದಾಗಲೇ ಗುರುತು ಹಾಕುವವರ ನಡುವೆ ತೀರದ ವಾದ ಹುಟ್ಟುತ್ತದೆ.

(8) ಮತ್ತು (9)ರ ನಡುವಿನ ವ್ಯತ್ಯಾಸ ಇನ್ನೂ ಸೂಕ್ಷ್ಮ. (8) ಅಳುವಿನ ಆರಂಭವನ್ನು ಹೇಳುತ್ತದೆ. ‘ಅಳಾಕ ಸುರು ಮಾಡ್ತು’ ಎಂದು ಬದಲಿಸಬಹುದು. (9) ಅಳು ನಡೆದಿರುವುದನ್ನು ಹೇಳುತ್ತದೆ. ಅದಕ್ಕೆ ‘ಮುಂಜಾನಿಂದ’ ಎಂದು ಸೇರಿಸಬಹುದು, (8)ಕ್ಕೆ ಸೇರಿಸಿದರೆ ಹೊಂದುವುದಿಲ್ಲ. ಆರಂಭವಾಚಿ ಕ್ರಿಯೆಗಳಿಗೆ ಯು.ಡಿ. ಸಾಮಾನ್ಯವಾಗಿ `xcomp` ಸಂಬಂಧವನ್ನು ಕೊಡುತ್ತದೆ. (8)ಕ್ಕೆ ಅದು ಸರಿ. (9)ರಲ್ಲಿ ‘ಹತ್ತು’ ತನ್ನ ಹಕಾರವನ್ನೂ ಆರಂಭದ ಅರ್ಥವನ್ನೂ ಕಳೆದುಕೊಂಡು ಸಹಾಯಕ ಕ್ರಿಯೆಯಾಗಿದೆ. ಅದು ಹಿಂದಿನ ಪದಕ್ಕೆ ಅಂಟಿಕೊಂಡಿದ್ದರೂ ತನ್ನದೇ ರೂಪಾವಳಿಯನ್ನು ಉಳಿಸಿಕೊಂಡಿದೆ: ‘ಬರಾಕತ್ತಾರ’, ‘ಬರಾಕತ್ತಿದ್ರು’, ‘ಬರಾಕತ್ತಿಲ್ಲ’. ಆದ್ದರಿಂದ ಅಚ್ಚಿನ ರೂಪವನ್ನು ಉಳಿಸಿಕೊಂಡು ಒಳಗೆ ಎರಡು ಪದಗಳಾಗಿ ಒಡೆಯುವುದು ಯುಕ್ತ. ಕೆಲವು ಕಂಬಗಳನ್ನಷ್ಟೇ ತೋರಿಸುವುದಾದರೆ:

```
1-2  ಬರಾಕತ್ತಾರ  _      _     _  _
1    ಬರಾಕ       ಬರು    VERB  0  root
2    ಅತ್ತಾರ     ಹತ್ತು  AUX   1  aux
```

‘ಮನ್ಯಾಗ’ವನ್ನು ಒಡೆಯಬಾರದೆಂದು ಹೇಳಿದ ನಾವು ‘ಬರಾಕತ್ತಾರ’ವನ್ನು ಒಡೆಯುವುದು ವಿರೋಧಾಭಾಸವೆನ್ನಿಸಬಹುದು. ಎರಡಕ್ಕೂ ನಮ್ಮ ಪ್ರಶ್ನೆ ಒಂದೇ: ಅಂಟಿಕೊಂಡ ಭಾಗ ಅದೇ ಕೆಲಸವನ್ನು ಬಿಡಿಯಾಗಿ ನಿಂತೂ ಮಾಡಬಲ್ಲುದೇ? ‘ಬರಾಕ ಹತ್ಯಾರ’ ಎಂದು ಬಿಡಿಸಿ ಹೇಳುವವರು ಅದೇ ಸೀಮೆಯಲ್ಲಿದ್ದಾರೆ. ‘ಮನಿ’ಯಿಂದ ‘ಆಗ’ವನ್ನು ಬಿಡಿಸಿ ಹೇಳುವವರಿಲ್ಲ.

5. ತಿದ್ದುಪಡಿ ಮತ್ತು ಅದರ ಮಿತಿ

ದ್ರಾವಿಡ ಭಾಷೆಗಳ ಪೈಕಿ ಯು.ಡಿ.ಯಲ್ಲಿ ತಮಿಳಿನ ಮೊದಲ ಟ್ರೀಬ್ಯಾಂಕ್ ಪತ್ರಿಕಾ ಬರಹವನ್ನು ಆಧರಿಸಿದ್ದು. ತೆಲುಗಿನದು ಭದ್ರಿರಾಜು ಕೃಷ್ಣಮೂರ್ತಿ ಮತ್ತು ಗ್ವಿನ್ ಅವರ ವ್ಯಾಕರಣದ ಉದಾಹರಣಾ ವಾಕ್ಯಗಳಿಂದ ಕಟ್ಟಿದ್ದು. ಎರಡರಲ್ಲೂ ಬರಹದ ರೂಢಿ ಮೊದಲೇ ನೆಲೆನಿಂತಿತ್ತು, ಹಾಗಾಗಿ ಆಡುಮಾತಿನ ಲಿಪ್ಯಂತರ ಒಡ್ಡುವ ಪ್ರಶ್ನೆ ಅವುಗಳಿಗೆ ತೀವ್ರವಾಗಿ ಎದುರಾಗಲಿಲ್ಲ. ಕನ್ನಡದ ನಿಯಮಗಳನ್ನು ಬರೆಯುವವರು ಆ ಮಾದರಿಗಳನ್ನು ಹಾಗೆಯೇ ತೆಗೆದುಕೊಂಡರೆ ಶಿಷ್ಟ ಬರಹಕ್ಕೆ ಸಾಕಾಗಬಹುದು, ಗದಗ ಸೀಮೆಗೆ ಸಾಲದು.

ನಾವು ಕೇಳುತ್ತಿರುವ ಬದಲಾವಣೆಗಳು ಮೂರು. ಪದವಿಭಜನೆಯ ನಿಯಮ ಮಾರ್ಗಸೂಚಿಯ ಮೊದಲ ಅಧ್ಯಾಯವಾಗಲಿ, ಮತ್ತು ಒಮ್ಮತದ ಅಳತೆಯನ್ನು ಅಲ್ಲಿಂದಲೇ ಆರಂಭಿಸಲಿ. ಪರಸರ್ಗಗಳ ಪಟ್ಟಿಯ ಜಾಗದಲ್ಲಿ ಒಂಟಿ ನಿಲುವು, ಆಳ್ವಿಕೆ ಮತ್ತು ಕರ್ತೃವಿನ ಪರೀಕ್ಷೆಗಳು ಬರಲಿ. `compound:lvc` ಗುರುತನ್ನು ಕಾರಕಗಳ ಲೆಕ್ಕದಿಂದ ಮಾತ್ರ ನಿರ್ಧರಿಸಿ, ನುಡಿಗಟ್ಟಿನ ಒಗ್ಗಟ್ಟನ್ನು ಬೇರೆ ಪದರಕ್ಕೆ ಕಳಿಸಲಿ.

ಇವುಗಳಿಗೊಂದು ಬೆಲೆಯಿದೆ. ನಮ್ಮ ಪರೀಕ್ಷೆಗಳೆಲ್ಲ ‘ಹೀಗೆ ಹೇಳಬಹುದೇ?’ ಎಂದು ಆ ಮಾತನ್ನಾಡುವವರನ್ನು ಕೇಳುವಂಥವು. ಧ್ವನಿಮುದ್ರಿತ ಪಠ್ಯವೊಂದೇ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕುಳಿತು ಗುರುತು ಹಾಕುವವರಿಗೆ ಲಕ್ಷ್ಮೇಶ್ವರದ ಕಿವಿ ಇಲ್ಲದಿರಬಹುದು. ಕೆಲವು ರೂಪಗಳು ಪರೀಕ್ಷೆಯ ನಂತರವೂ ಎರಡೂ ಕಡೆ ವಾಲುತ್ತವೆ: ‘ಹತ್ತು’ ಭೂತಕಾಲದಲ್ಲಿ ಬಂದು ಸಂದರ್ಭ ಸಿಗದಿದ್ದಾಗ ಆರಂಭವೋ ನಡೆದಿರುವಿಕೆಯೋ ಎಂದು ತೀರ್ಮಾನಿಸಲಾಗದು. ಅಂಥಲ್ಲಿ `xcomp` ಅನ್ನು ಮೂಲ ಆಯ್ಕೆಯಾಗಿ ಇಟ್ಟು, ಅನುಮಾನವನ್ನು ಟಿಪ್ಪಣಿಯ ಕಂಬದಲ್ಲಿ ದಾಖಲಿಸುವುದು ಪ್ರಾಮಾಣಿಕ ದಾರಿ. ಅನುಮಾನವನ್ನು ಬರೆದಿಟ್ಟ ಮರವನ್ನು ಮುಂದೆ ತಿದ್ದಬಹುದು. ಜಾಗ ಬಿಟ್ಟಲ್ಲಿ ಒಂದು, ಬಿಡದಿದ್ದಲ್ಲಿ ಇನ್ನೊಂದು ಎಂದು ಬೆಳೆಸಿದ ಮರದಲ್ಲಿ ತಿದ್ದಬೇಕಾದದ್ದು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.